ಕಣ್ಣಿನ ಬಿಳಿಯಲ್ಲಿ ರಕ್ತದ ಕಲೆ, ನೋವಿಲ್ಲ, ಆದರೆ ಇವತ್ತು ದೊಡ್ಡದಾಗಿದೆ. ಓಡಬೇಕಾ, ಕಾಯಬೇಕಾ?

ಹಸಿರುಚುಕ್ಕಿ · ಮೊದಲ ದಿನ, ಬೆಳಿಗ್ಗೆ 7:40

ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ಕನ್ನಡಿ ನೋಡಿದವನು ಬೆಚ್ಚಿಬಿದ್ದೆ. ಎಡಗಣ್ಣಿನ ಬಿಳಿಯಲ್ಲಿ, ಕಿವಿ ಕಡೆಯ ಮೂಲೆಯಲ್ಲಿ, ಕೆಂಪು ಶಾಯಿ ಚೆಲ್ಲಿದ ಹಾಗೆ ಒಂದು ಕಲೆ. ಅವರೆಕಾಳಿನಷ್ಟಿತ್ತು. ನೋವಿಲ್ಲ, ತುರಿಕೆ ಇಲ್ಲ, ನೀರು ಸೋರುತ್ತಿಲ್ಲ. ಕಣ್ಣು ಸರಿಯಾಗಿ ಕಾಣುತ್ತಿದೆ. ಹೆಂಡತಿ ನೋಡಿ ಕೂಗಿಕೊಂಡಳು, ಇಲ್ಲದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಇವತ್ತು ಎದ್ದು ನೋಡಿದರೆ ಕಲೆ ಕಪ್ಪು ಗುಡ್ಡೆಯವರೆಗೂ ಬಂದಿದೆ, ಕೆಳಗಡೆಯೂ ಇಳಿದಿದೆ. ಒಳಗೆ ಇನ್ನೂ ರಕ್ತ ಸೋರುತ್ತಿದೆಯಾ? ವಯಸ್ಸು 46. ಬಿಪಿ, ಶುಗರ್ ಇದೆ ಅಂತ ಯಾರೂ ಹೇಳಿಲ್ಲ, ನಾನೂ ನೋಡಿಸಿಲ್ಲ. ಒಂದು ವಾರದಿಂದ ಕೆಟ್ಟ ಕೆಮ್ಮು.

ಬಿಸಿಲುಕೋಲು · 8:05

ಇದು ಬಿಪಿ ಸ್ವಾಮಿ, ನೂರಕ್ಕೆ ನೂರು. ಕಣ್ಣಲ್ಲಿ ನರ ಒಡೆದಿದೆ ಅಂದರೆ ನಾಳೆ ಮಿದುಳಲ್ಲೂ ಒಡೆಯಬಹುದು. ಕಣ್ಣು ಮೊದಲೇ ಸೂಚನೆ ಕೊಟ್ಟಿದೆ. ಈಗಲೇ ತುರ್ತು ವಿಭಾಗಕ್ಕೆ ಹೋಗಿ, ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ.

ಮಳೆಹುಳ · 8:20

ನಮ್ಮ ಮನೆಯಲ್ಲಿ ಹೋದ ತಿಂಗಳು ಎಲ್ಲರಿಗೂ ಬಂದಿತ್ತು. ಅಂಟುರೋಗ ಇದು. ಟವೆಲ್, ದಿಂಬು ಬೇರೆ ಇಟ್ಟುಕೊಳ್ಳಿ. ಕೆಲಸಕ್ಕೆ ಹೋಗಬೇಡಿ, ಆಫೀಸಿನವರಿಗೆಲ್ಲ ಹಂಚುತ್ತೀರಿ. ಐದು ದಿನ ಡ್ರಾಪ್ಸ್ ಹಾಕಿದ ಮೇಲೆ ನಮಗೆ ಹೋಯಿತು.

ಹಸಿರುಚುಕ್ಕಿ · 8:31

ಒಬ್ಬರು ಮಿದುಳು ಅಂತೀರಿ, ಇನ್ನೊಬ್ಬರು ಟವೆಲ್ ಅಂತೀರಿ. ನನಗೆ ಈಗ ಕಣ್ಣಿಗಿಂತ ಎದೆಯೇ ಜಾಸ್ತಿ ಹೊಡೆದುಕೊಳ್ಳುತ್ತಿದೆ.

ಲೆನ್ಸ್‌ಪೆಟ್ಟಿಗೆ · 9:15

ಸ್ವಲ್ಪ ಉಸಿರು ಬಿಡಿ ಸರ್. ನಾನು ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿಸ್ಟ್. ಕಣ್ಣಿನ ವಿಭಾಗದಲ್ಲಿ ಬಂದವರನ್ನು ಮೊದಲು ಕೂರಿಸಿ ನೋಡುವ ಕೆಲಸ ನನ್ನದು. ಈ ಕೆಂಪು ಕಲೆ ಹಿಡಿದುಕೊಂಡು ಓಡಿ ಬರುವವರನ್ನು ವಾರಕ್ಕೆ ಹಲವರನ್ನು ನೋಡುತ್ತೇನೆ. ನಿಜವಾದ ಅಪಾಯ ಇರುವವರು ಬಹಳ ಸಲ ಇಷ್ಟು ಹೆದರಿರುವುದೇ ಇಲ್ಲ, ಅದೇ ವಿಚಿತ್ರ.

ಮೊದಲು ಒಂದು ಕೆಲಸ ಮಾಡಿ. ಬೆಳಕಿಗೆ ಎದುರಾಗಿ ಕನ್ನಡಿ ಮುಂದೆ ನಿಂತು ಮೂರು ವಿಷಯ ನೋಡಿ ಹೇಳಿ. ಕೆಂಪು ಒಂದೇ ಸಮ ಬಣ್ಣ ಬಳಿದ ಹಾಗಿದೆಯಾ, ಇಲ್ಲ ಎಳೆ ಎಳೆಯಾಗಿ ದಾರದ ಹಾಗಿದೆಯಾ? ಕಪ್ಪು ಗುಡ್ಡೆಯ ಅಂಚಿಗೆ ಬಂದು ಗೆರೆ ಎಳೆದ ಹಾಗೆ ನಿಂತಿದೆಯಾ? ಒಂದೊಂದೇ ಕಣ್ಣು ಮುಚ್ಚಿ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಒಂದೇ ಥರ ಕಾಣುತ್ತದಾ?

ಜೊತೆಗೆ, ಎಲ್ಲಕ್ಕಿಂತ ಮುಖ್ಯ: ಕಣ್ಣಿಗಾಗಲಿ ತಲೆಗಾಗಲಿ ಪೆಟ್ಟು ಬಿದ್ದಿತ್ತಾ? ಕಣ್ಣಿಗೆ ಏನಾದರೂ ಸಿಡಿದಿತ್ತಾ? ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತೀರಾ?

ಹಸಿರುಚುಕ್ಕಿ · 9:34

ನೋಡಿದೆ. ಒಂದೇ ಸಮ ಬಳಿದ ಹಾಗಿದೆ, ಎಳೆ ಇಲ್ಲ. ಕಪ್ಪು ಗುಡ್ಡೆ ಹತ್ತಿರ ಕತ್ತರಿಸಿದ ಹಾಗೆ ನಿಂತಿದೆ. ಓದಲು ಎರಡೂ ಕಣ್ಣು ಒಂದೇ. ಪೆಟ್ಟು ಬಿದ್ದಿಲ್ಲ, ಏನೂ ಸಿಡಿದಿಲ್ಲ. ಮಾತ್ರೆ ಅಂದರೆ ಕೆಮ್ಮಿನ ಸಿರಪ್ ಮಾತ್ರ. ಮೊನ್ನೆ ರಾತ್ರಿ ಕೆಮ್ಮಿ ಕೆಮ್ಮಿ ವಾಂತಿ ಬಂದ ಹಾಗಾಗಿತ್ತು.

ಲೆನ್ಸ್‌ಪೆಟ್ಟಿಗೆ · 10:02

ಹಾಗಾದರೆ ನಿಮ್ಮ ಕಾರಣ ಆ ರಾತ್ರಿಯದೇ ಇರಬೇಕು. ಇದಕ್ಕೆ ಸಬ್‌ಕಂಜಂಕ್ಟೈವಲ್ ಹೆಮರೇಜ್ ಅನ್ನುತ್ತಾರೆ. ಹೆಸರು ದೊಡ್ಡದು, ಸಂಗತಿ ಚಿಕ್ಕದು. ಕಣ್ಣಿನ ಬಿಳಿಯ ಮೇಲೆ ಗಾಜಿನ ಕಾಗದದ ಥರ ತೆಳು ಪೊರೆ ಇದೆ. ಅದರಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು. ಜೋರಾಗಿ ಕೆಮ್ಮಿದಾಗ, ವಾಂತಿ ಮಾಡಿದಾಗ, ಮಲಬದ್ಧತೆಯಲ್ಲಿ ತಿಣುಕಿದಾಗ ಎದೆಯೊಳಗಿನ ಒತ್ತಡ ಏರಿ ತಲೆಯ ಕಡೆಯ ರಕ್ತ ಕೆಳಗೆ ಇಳಿಯುವುದಿಲ್ಲ. ಅಲ್ಲೊಂದು ನಾಳ ಪಟ್ ಅನ್ನುತ್ತದೆ. ಕಣ್ಣು ಗಟ್ಟಿಯಾಗಿ ಉಜ್ಜಿದರೂ ಸಾಕು. ಎಷ್ಟೋ ಸಲ ಏನೂ ಕಾರಣವೇ ಸಿಗುವುದಿಲ್ಲ.

ಚೆಲ್ಲಿದ ರಕ್ತ ಪೊರೆ ಮತ್ತು ಬಿಳಿ ಗುಡ್ಡೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಬರಲು ದಾರಿ ಇಲ್ಲ, ಆದ್ದರಿಂದ ನಿಮ್ಮ ಕಣ್ಣೀರು ಕೆಂಪಾಗುವುದಿಲ್ಲ. ಕಪ್ಪು ಗುಡ್ಡೆಯ ಅಂಚಲ್ಲಿ ಪೊರೆ ಅಂಟಿಕೊಂಡಿರುವುದರಿಂದ ಕೆಂಪು ಅಲ್ಲೇ ನಿಲ್ಲುತ್ತದೆ. ಒಂದು ಹನಿ ರಕ್ತ ಗಾಜಿನ ಎರಡು ತುಂಡುಗಳ ಮಧ್ಯೆ ಹರಡಿದರೆ ಎಷ್ಟು ದೊಡ್ಡದಾಗಿ ಕಾಣುತ್ತದೆ, ನೋಡಿದ್ದೀರಲ್ವಾ? ಅದೇ ಇದು. ರೆಪ್ಪೆ ಹೊಡೆದಾಗ, ಮಲಗಿ ಎದ್ದಾಗ ಅದು ಕೆಳಗೆ, ಪಕ್ಕಕ್ಕೆ ಸರಿಯುತ್ತದೆ. ಮೊದಲ ಒಂದೆರಡು ದಿನ ದೊಡ್ಡದಾಗುವುದು ಮಾಮೂಲು, ಹೊಸದಾಗಿ ಸೋರುತ್ತಿದೆ ಅಂತಲೇ ಅರ್ಥ ಅಲ್ಲ.

ಇನ್ನು ಮೈಮೇಲೆ ಪೆಟ್ಟಾದರೆ ನೀಲಿ, ಇಲ್ಲಿ ಮಾತ್ರ ಕಡುಕೆಂಪು ಯಾಕೆ? ಆ ಪೊರೆ ಎಷ್ಟು ತೆಳು ಅಂದರೆ ಗಾಳಿಯ ಆಮ್ಲಜನಕ ಅದರ ಮೂಲಕ ಒಳಗಿನ ರಕ್ತಕ್ಕೂ ತಲುಪುತ್ತದೆ. ಅದಕ್ಕೇ ಬಣ್ಣ ತಾಜಾ ಆಗೇ ಉಳಿಯುತ್ತದೆ. ನೋಡಿದವರು ಕಿರುಚುವುದೂ ಅದಕ್ಕೇ.

ಮಳೆಹುಳ · 10:20

ಹಾಗಾದರೆ ನಮ್ಮದು ಇದಲ್ಲವಾ? ನಮ್ಮದೂ ಕೆಂಪೇ ಇತ್ತಲ್ಲ.

ಲೆನ್ಸ್‌ಪೆಟ್ಟಿಗೆ · 10:41

ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿತ್ತಾ? ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತಾ? ಒಬ್ಬರಿಂದ ಒಬ್ಬರಿಗೆ ಬಂದಿತ್ತಾ? ಹೌದಾದರೆ ನಿಮ್ಮದು ಕಣ್ಣು ಬೇನೆ. ಅದರಲ್ಲಿ ರಕ್ತನಾಳ ಒಡೆದಿರುವುದಿಲ್ಲ, ಉಬ್ಬಿರುತ್ತದೆ. ಹತ್ತಿರದಿಂದ ನೋಡಿದರೆ ಬಲೆ ಥರ ಎಳೆಗಳು ಕಾಣುತ್ತವೆ. ಇವರದು ಯಾರಿಗೂ ಅಂಟುವುದಿಲ್ಲ, ಟವೆಲ್ ಬೇರೆ ಬೇಡ.

ಆದರೆ ನೀವು ಪೂರ್ತಿ ತಪ್ಪೂ ಅಲ್ಲ. ಕೆಲವು ವೈರಸ್‌ಗಳ ಕಣ್ಣು ಬೇನೆಯಲ್ಲಿ ರೆಪ್ಪೆ ಊದಿ, ನೀರು ಸುರಿದು, ಅದರ ಜೊತೆ ಈ ಥರ ರಕ್ತದ ಕಲೆಗಳೂ ಬರುತ್ತವೆ. ಆಗ ಎರಡೂ ಒಟ್ಟಿಗೆ ಇರುತ್ತವೆ.

ಬಿಸಿಲುಕೋಲು · 11:00

ಬಿಪಿ ವಿಷಯ ಹಾರಿಸಿಬಿಟ್ಟಿರಲ್ಲ ಮೇಡಂ. ನಮ್ಮ ದೊಡ್ಡಪ್ಪನಿಗೆ ಹೀಗೇ ಆಗಿ ತೋರಿಸಿದಾಗ ಬಿಪಿ ತುಂಬಾ ಇತ್ತು.

ಲೆನ್ಸ್‌ಪೆಟ್ಟಿಗೆ · 11:22

ಹಾರಿಸಲಿಲ್ಲ, ಬರುತ್ತಿದ್ದೆ. ಬಿಪಿ ಇರುವವರಲ್ಲಿ ಇದು ಜಾಸ್ತಿ, ಅಷ್ಟು ನಿಜ. ಕಣ್ಣಿನ ಹೊರಪೊರೆಯ ನಾಳ ಒಡೆದದ್ದು ನಾಳೆ ಮಿದುಳಿನದು ಒಡೆಯುವ ಮುನ್ಸೂಚನೆ ಅನ್ನುವುದು ನಿಜ ಅಲ್ಲ. ನಿಮ್ಮ ದೊಡ್ಡಪ್ಪನವರ ವಿಷಯದಲ್ಲಿ ಕಲೆಯಿಂದ ಆದ ಉಪಕಾರ ಏನೆಂದರೆ, ಯಾರೂ ನೋಡದ ಬಿಪಿಯನ್ನು ಅವತ್ತು ಯಾರೋ ನೋಡಿದರು.

ಹಸಿರುಚುಕ್ಕಿ ಸರ್, ನೀವೂ ನೋಡಿಸಿ. ಆದರೆ ಈಗ ಎದೆ ಹೊಡೆದುಕೊಳ್ಳುತ್ತಿರುವಾಗ ಬೇಡ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಎರಡು ಸಲ ಅಳೆಸಿ. 180/120 ದಾಟಿದ್ದು ಜೊತೆಗೆ ತಲೆನೋವು, ಕಣ್ಣು ಮಂಜು, ಕೈಕಾಲು ಬಲಹೀನತೆ, ಮಾತು ತೊದಲುವುದು, ಎದೆನೋವು ಇದ್ದರೆ ತುರ್ತು ವಿಭಾಗ. ಅದೂ ಕಣ್ಣಿನ ಕಲೆಗಾಗಿ ಅಲ್ಲ.

ಗರಗಸದಣ್ಣ · ಮಧ್ಯಾಹ್ನ 1:10

ಮೇಡಂ ಕೇಳಿದ ಪ್ರಶ್ನೆ, "ಏನಾದರೂ ಸಿಡಿದಿತ್ತಾ" ಅಂತ. ಅದನ್ನು ನನಗೆ ಯಾರೂ ಕೇಳಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುವವನು. ತುಕ್ಕು ಹಿಡಿದ ಪಿನ್ ತೆಗೆಯಲು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದೆ. ಕನ್ನಡಕ ಹಣೆ ಮೇಲಿತ್ತು. ಬಲಗಣ್ಣಿಗೆ ಸೊಳ್ಳೆ ಬಡಿದ ಹಾಗೆ ಏನೋ ತಾಗಿತು. ನೀರು ಹಾಕಿ ತೊಳೆದೆ, ಏನೂ ಇಲ್ಲ ಅನ್ನಿಸಿತು. ಸಂಜೆ ನೋಡಿದರೆ ಮೂಗಿನ ಕಡೆ ಬಿಳಿಯಲ್ಲಿ ಉದ್ದಿನಕಾಳಿನಷ್ಟು ಕೆಂಪು. ಕಣ್ಣು ಚೆನ್ನಾಗೇ ಕಾಣುತ್ತಿತ್ತು. ಮೊಬೈಲ್‌ನಲ್ಲಿ ಹುಡುಕಿದೆ, "ನಿರಪಾಯಕಾರಿ, ಎರಡು ವಾರದಲ್ಲಿ ತಾನೇ ಹೋಗುತ್ತದೆ" ಅಂತಿತ್ತು. ಬಿಟ್ಟೆ. ಮಾರನೇ ದಿನ ತೋರಿಸಿದ ಕಡೆಯಲ್ಲೂ ಟಾರ್ಚ್ ಬಿಟ್ಟು ನೋಡಿ ಅದನ್ನೇ ಹೇಳಿ ಕಳಿಸಿದರು. ಸುತ್ತಿಗೆ ವಿಷಯ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಮೂರನೇ ದಿನ ಹೊಗೆ ತುಂಬಿದ ಕೋಣೆಯಲ್ಲಿ ಕೂತ ಹಾಗೆ ಕಾಣಲು ಶುರುವಾಯಿತು. ಬೆಳಕು ನೋಡಿದರೆ ನೋವು. ಕಣ್ಣಿನ ದೊಡ್ಡ ಆಸ್ಪತ್ರೆಗೆ ಹೋದೆ. ಆ ಕೆಂಪು ಕಲೆಯ ಕೆಳಗೆ ಬಿಳಿ ಗುಡ್ಡೆಯಲ್ಲಿ ಸೂಜಿಮೊನೆಯಷ್ಟು ತೂತು. ಸಿಟಿ ಸ್ಕ್ಯಾನ್‌ನಲ್ಲಿ ಒಳಗೆ ಕಬ್ಬಿಣದ ಚೂರು ಬೆಳ್ಳಗೆ ಹೊಳೆಯುತ್ತಿತ್ತು. ಅವತ್ತೇ ಆಪರೇಷನ್. ಕಣ್ಣು ಉಳಿಯಿತು, ದೃಷ್ಟಿ ಮಾತ್ರ ಮೊದಲಿನಷ್ಟು ಬರಲಿಲ್ಲ. ಇವತ್ತಿಗೂ ಆ ಕಣ್ಣಲ್ಲಿ ನೇರ ಗೆರೆ ಸ್ವಲ್ಪ ಡೊಂಕಾಗಿ ಕಾಣುತ್ತದೆ. ನನ್ನ ಕೆಲಸದಲ್ಲಿ ಅದು ಸಣ್ಣ ವಿಷಯ ಅಲ್ಲ.

ಲೆನ್ಸ್‌ಪೆಟ್ಟಿಗೆ · 2:05

ಅಣ್ಣಾ, ಬರೆದದ್ದು ಒಳ್ಳೆಯದಾಯಿತು. ಲೋಹದ ಮೇಲೆ ಲೋಹ ಹೊಡೆದಾಗ ಸಿಡಿಯುವ ಚೂರು ಚಿಕ್ಕದು, ಬಿಸಿಯಾಗಿರುತ್ತದೆ, ವೇಗ ಬಹಳ. ಒಳಗೆ ಹೋದದ್ದು ಗೊತ್ತೇ ಆಗುವುದಿಲ್ಲ. ಹೋದ ತೂತು ತಾನೇ ಮುಚ್ಚಿಕೊಳ್ಳುತ್ತದೆ, ಮೇಲೆ ರಕ್ತದ ಕಲೆ ಮುಸುಕು ಹಾಕುತ್ತದೆ. ಒಳಗೆ ಸೋಂಕಾದರೆ ಒಂದೆರಡು ದಿನದಲ್ಲಿ ಕಣ್ಣು ಹೋಗಬಹುದು. ಸೋಂಕಾಗದಿದ್ದರೂ ಕಬ್ಬಿಣ ಒಳಗೇ ಉಳಿದರೆ ನಿಧಾನವಾಗಿ ರೆಟಿನಾ ಹಾಳುಮಾಡುತ್ತದೆ. ಇಂಥವರು ಯಾವುದೇ ಕಾರಣಕ್ಕೂ ಎಂಆರ್‌ಐ ಯಂತ್ರದೊಳಗೆ ಹೋಗಬಾರದು, ಅಯಸ್ಕಾಂತ ಆ ಚೂರನ್ನು ಎಳೆದಾಡುತ್ತದೆ. ಅದಕ್ಕೇ ಸಿಟಿ.

ಪೆಟ್ಟು ಬಿದ್ದ ಕಣ್ಣಿನಲ್ಲಿ ನಾವು ನೋಡುವುದು ಬೇರೆ ಥರ. ಕಲೆ ಚಪ್ಪಟೆಯಾಗಿಲ್ಲದೆ ಉಬ್ಬಿ ದ್ರಾಕ್ಷಿಯ ಹಾಗೆ ನಿಂತಿದ್ದರೆ, ಕಪ್ಪು ಗುಡ್ಡೆಯ ಸುತ್ತ ಪೂರ್ತಿ ಉಂಗುರದ ಹಾಗೆ ಕೆಂಪಾಗಿದ್ದರೆ, ಪಾಪೆ ದುಂಡಗಿಲ್ಲದೆ ಒಂದು ಕಡೆಗೆ ಮೊನಚಾಗಿ ಎಳೆದುಕೊಂಡಿದ್ದರೆ, ಅದರ ಕೆಳಗೆ ಗುಡ್ಡೆ ಒಡೆದಿರಬಹುದು ಅಂತ ಅನುಮಾನ. ಅಂಥ ಕಣ್ಣನ್ನು ಒತ್ತಬಾರದು, ಹನಿ ಹಾಕಬಾರದು, ತೊಳೆಯಲೂಬಾರದು. ಹತ್ತಿ ಪಟ್ಟಿಯೂ ಬೇಡ. ಒಂದು ಕಾಗದದ ಲೋಟದ ತಳ ಕತ್ತರಿಸಿ ಕಣ್ಣಿಗೆ ತಾಗದ ಹಾಗೆ ಮೂಳೆಯ ಮೇಲೆ ಕೂರಿಸಿ ಅಂಟಿಸಿ, ಹೊಟ್ಟೆಗೆ ಏನೂ ಕೊಡದೆ ಕರೆದುಕೊಂಡು ಬರಬೇಕು. ಆಪರೇಷನ್ ಬೇಕಾಗಬಹುದಲ್ವಾ, ಅದಕ್ಕೆ.

ಇನ್ನೊಂದಿದೆ. ತಲೆಗೋ ಕೆನ್ನೆಗೋ ಬಲವಾದ ಪೆಟ್ಟಾದ ಮೇಲೆ ಕಲೆ ಬಂದರೆ, ನಾವು ಅದರ ಹಿಂದಿನ ಅಂಚು ಹುಡುಕುತ್ತೇವೆ. ರೋಗಿಗೆ ಎದುರು ದಿಕ್ಕಿಗೆ ನೋಡಲು ಹೇಳಿದಾಗ ಕೆಂಪಿನ ಹಿಂದೆ ಮತ್ತೆ ಬಿಳಿ ಕಂಡರೆ ರಕ್ತ ಅಲ್ಲೇ ಹುಟ್ಟಿದ್ದು ಅನ್ನಬಹುದು. ಕೆಂಪು ಹಿಂದಕ್ಕೆ ಹಿಂದಕ್ಕೆ ಹೋಗಿ ಕೊನೆಯೇ ಕಾಣದಿದ್ದರೆ, ಕಣ್ಣಿನ ಗೂಡಿನ ಮೂಳೆಯೋ ತಲೆಬುರುಡೆಯ ತಳವೋ ಬಿರುಕುಬಿಟ್ಟು ಅಲ್ಲಿಂದ ರಕ್ತ ಮುಂದೆ ಬಂದಿರಬಹುದು. ಪೆಟ್ಟು ಬಿದ್ದಿದ್ದರೆ ಮಾತ್ರ ಈ ಲೆಕ್ಕ. ಕೆಮ್ಮಿದವರು ಕನ್ನಡಿ ಮುಂದೆ ಕಣ್ಣು ತಿರುಗಿಸಿ ತಿರುಗಿಸಿ ಗಾಬರಿಯಾಗಬೇಡಿ.

ಎರಡುಜಡೆ · 3:30

ನಾನು ಬೇರೆ ಕೇಳಬಹುದಾ? ನನ್ನ ಮಗು ಹುಟ್ಟಿದಾಗ ಎರಡೂ ಕಣ್ಣಲ್ಲಿ ಹೀಗೇ ಕೆಂಪಿತ್ತು. ಹೆರಿಗೆ ಒತ್ತಡಕ್ಕೆ ಅಂದಿದ್ದರು. ಎರಡು ವಾರದಲ್ಲಿ ಹೋಯಿತು. ಅದು ಸರಿ ತಾನೇ?

ಲೆನ್ಸ್‌ಪೆಟ್ಟಿಗೆ · 3:44

ಸರಿ. ಹುಟ್ಟಿದ ಮಕ್ಕಳಲ್ಲಿ ಅದು ಮಾಮೂಲು. ಆದರೆ ಅದು ಹೋದ ಮೇಲೆ, ಕೆಲವು ತಿಂಗಳ ಮಗುವಿಗೆ ಕಾರಣವೇ ಇಲ್ಲದೆ ಹೊಸದಾಗಿ ಬಂದರೆ ಅವತ್ತೇ ಮಕ್ಕಳ ಡಾಕ್ಟರ್‌ಗೆ ತೋರಿಸಬೇಕು. ನಾಯಿಕೆಮ್ಮು ಇರಬಹುದು, ರಕ್ತದ ತೊಂದರೆ ಇರಬಹುದು, ಯಾರೋ ನೋಯಿಸಿರಲೂಬಹುದು.

ನಿಧಾನಗತಿ · ಸಂಜೆ 6:15

ರಕ್ತ ತೆಳುಮಾಡುವ ಮಾತ್ರೆ ಬಗ್ಗೆ ಯಾರೂ ಮುಂದುವರಿಸಲಿಲ್ಲ, ನಾನು ಹೇಳುತ್ತೇನೆ. ನನ್ನ ಹೃದಯದಲ್ಲಿ ಲೋಹದ ಕವಾಟ ಇದೆ, ವಾರ್ಫರಿನ್ ಮೇಲೆ ಬದುಕುತ್ತಿರುವವನು. ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ನನಗೆ 2.5ರಿಂದ 3.5ರ ಒಳಗೆ ಇರಬೇಕು ಅಂತ ಹೇಳಿದ್ದಾರೆ. ಒಂದು ಬೆಳಿಗ್ಗೆ ಕಣ್ಣು ಕೆಂಪು. ನೋವಿಲ್ಲ. ಸುಮ್ನೆ ಇರೋಣ ಅಂದುಕೊಂಡೆ. ಆಮೇಲೆ ಹಲ್ಲುಜ್ಜುವಾಗ ಒಸಡಲ್ಲೂ ರಕ್ತ ನಿಲ್ಲಲಿಲ್ಲ, ತೊಡೆಯ ಮೇಲೆ ಯಾವಾಗ ತಗುಲಿತೋ ಗೊತ್ತಿಲ್ಲದ ಒಂದು ನೀಲಿ ಕಲೆ. ಪರೀಕ್ಷೆ ಮಾಡಿಸಿದರೆ 6.1.

ಹುಡುಕಿದರೆ ಕಾರಣ ಸಿಕ್ಕಿತು. ಹಲ್ಲುನೋವಿಗೆ ಐದು ದಿನ ಮೆಟ್ರೊನಿಡಜೋಲ್ ತೆಗೆದುಕೊಂಡಿದ್ದೆ. ಅದು ವಾರ್ಫರಿನ್ ಜೊತೆ ಸೇರಿದರೆ ರಕ್ತ ಇನ್ನೂ ತೆಳುವಾಗುತ್ತದಂತೆ. ಹಲ್ಲಿನವರಿಗೆ ಕವಾಟದ ವಿಷಯ ಹೇಳಿದ್ದೆ, ವಾರ್ಫರಿನ್ ಹೆಸರು ಹೇಳಿರಲಿಲ್ಲ. ಡೋಸ್ ನಿಲ್ಲಿಸಿ ಮತ್ತೆ ಶುರುಮಾಡುವುದನ್ನೆಲ್ಲ ಹೃದಯದ ಡಾಕ್ಟರೇ ನೋಡಿಕೊಂಡರು.

ಬಿಸಿಲುಕೋಲು · 6:40

ಹಾಗಾದರೆ ಕಣ್ಣು ಕೆಂಪಾದ ತಕ್ಷಣ ಆಸ್ಪಿರಿನ್, ವಾರ್ಫರಿನ್ ಎಲ್ಲ ನಿಲ್ಲಿಸಬೇಕು ಅಂತಾಯಿತು.

ಲೆನ್ಸ್‌ಪೆಟ್ಟಿಗೆ · 7:02

ದಯವಿಟ್ಟು ಬೇಡ. ಕಣ್ಣಿನ ಕಲೆ ತಾನಾಗಿ ಹೋಗುತ್ತದೆ. ಮಾತ್ರೆ ನಿಲ್ಲಿಸಿ ಕವಾಟದ ಮೇಲೋ ಸ್ಟೆಂಟ್ ಒಳಗೋ ರಕ್ತ ಹೆಪ್ಪುಗಟ್ಟಿದರೆ ಅದು ಹಾಗೆ ಹೋಗುವುದಿಲ್ಲ. ವಾರ್ಫರಿನ್‌ನವರು ಒಂದೆರಡು ದಿನದಲ್ಲಿ ಐಎನ್‌ಆರ್ ಮಾಡಿಸಬೇಕು. ನಿಧಾನಗತಿ ಅವರ ಹಾಗೆ ಬೇರೆ ಕಡೆಯೂ ರಕ್ತ ಬರುತ್ತಿದ್ದರೆ ಅವತ್ತೇ. ಎಪಿಕ್ಸಬಾನ್ ಥರದ ಹೊಸ ಮಾತ್ರೆಗಳಿಗೆ ಐಎನ್‌ಆರ್ ಲೆಕ್ಕಕ್ಕೆ ಬರುವುದಿಲ್ಲ, ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಆಸ್ಪಿರಿನ್‌ನವರಿಗೆ ಒಂದು ಕಲೆಗೆ ಸಾಮಾನ್ಯವಾಗಿ ಏನೂ ಬದಲಾಯಿಸುವುದಿಲ್ಲ.

ಹಸಿರುಚುಕ್ಕಿ · ಎರಡನೇ ದಿನ, ರಾತ್ರಿ 9:10

ಬಿಪಿ ವರದಿ. ಕ್ಲಿನಿಕ್‌ಗೆ ಮೆಟ್ಟಿಲು ಹತ್ತಿ ಹೋದ ಕೂಡಲೇ 158/96. ಮೇಡಂ ಹೇಳಿದ ಹಾಗೆ ಐದು ನಿಮಿಷ ಕೂತೆ, ಎರಡು ಸಲ ನೋಡಿದರು: 138/88, 136/86. ಡಾಕ್ಟರ್ ಮಾತ್ರೆ ಕೊಡಲಿಲ್ಲ. ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ಬರೆದಿಟ್ಟು ತನ್ನಿ ಅಂದರು. ಎದೆ ಪರೀಕ್ಷಿಸಿ ಕೆಮ್ಮಿಗೆ ಔಷಧಿ ಬದಲಾಯಿಸಿದರು. ಕಣ್ಣಿಗೆ ಏನೂ ಇಲ್ಲ. ಬರುತ್ತಾ ಮೆಡಿಕಲ್ ಶಾಪ್‌ನಲ್ಲಿ ಕೇಳಿದೆ, ಕೆಂಪು ತೆಗೆಯುವ ಹನಿ ಕೊಟ್ಟರು. ಹಾಕಲಾ?

ಲೆನ್ಸ್‌ಪೆಟ್ಟಿಗೆ · 9:32

ಪ್ರಯೋಜನ ಇಲ್ಲ ಸರ್. ಆ ಹನಿ ಉಬ್ಬಿದ ರಕ್ತನಾಳವನ್ನು ಬಿಗಿಮಾಡಿ ಕೆಂಪು ಇಳಿಸುತ್ತದೆ. ನಿಮ್ಮ ರಕ್ತ ನಾಳದಿಂದ ಹೊರಗೆ ಬಿದ್ದಾಗಿದೆ. ಬಕೆಟ್ ಮಗುಚಿ ನೆಲ ಒದ್ದೆಯಾದ ಮೇಲೆ ನಲ್ಲಿ ತಿರುಗಿಸಿದ ಹಾಗೆ. ಬಾಟಲಿ ಮೇಲೆ ಸ್ಟೀರಾಯ್ಡ್ ಹೆಸರಿದ್ದರಂತೂ ವಾಪಸ್ ಕೊಡಿ, ಅದು ಕಣ್ಣಿನ ಒತ್ತಡ ಏರಿಸಬಹುದು. ಕಿರಿಕಿರಿ ಅನ್ನಿಸಿದರೆ ಕಣ್ಣೀರಿನ ಥರದ ತೇವದ ಹನಿ ಸಾಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕಲೆ ಹೋಗುವವರೆಗೆ ಬಿಡಿ. ಉಜ್ಜಬೇಡಿ.

ಮಳೆಹುಳ · 9:50

ಐಸ್ ಒತ್ತಿದರೆ ಬೇಗ ಹೋಗುತ್ತೆ ಅಂತಾರಲ್ಲ?

ಲೆನ್ಸ್‌ಪೆಟ್ಟಿಗೆ · 9:58

ಮೊದಲ ದಿನ ತಣ್ಣನೆ ಬಟ್ಟೆ, ಆಮೇಲೆ ಬೆಚ್ಚಗಿನದು ಅಂತ ನಮ್ಮಲ್ಲೂ ಕೆಲವರು ಹೇಳುತ್ತಾರೆ. ಹಿತ ಅನ್ನಿಸುತ್ತದೆ. ದಿನ ಕಡಿಮೆಯಾದದ್ದನ್ನು ನಾನು ಕಂಡಿಲ್ಲ.

ನಿಧಾನಗತಿ · 10:15

ನನಗಂತೂ ಬೆಚ್ಚಗಿನ ಬಟ್ಟೆಯಿಂದ ಬೇಗ ಹೋಯಿತು. ನಾನು ನಂಬುತ್ತೇನೆ.

ಹಸಿರುಚುಕ್ಕಿ · ಎಂಟನೇ ದಿನ

ಕಲೆಯ ಅಂಚು ಹಳದಿಯಾಗಿದೆ. ಮೇಲಿನ ಅರ್ಧ ಖಾಲಿ, ಎಲ್ಲ ಕೆಳಗೆ ಇಳಿದು ಅರ್ಧಚಂದ್ರನ ಹಾಗೆ ಕೂತಿದೆ. ಕೆಮ್ಮು ಕಡಿಮೆ. ಮಗಳು ಫೋಟೋ ತೆಗೆದು ದಿನಾ ಹೋಲಿಸುತ್ತಿದ್ದಾಳೆ. ಈಗ ಮನೆಯಲ್ಲಿ ಯಾರೂ ಹೆದರುತ್ತಿಲ್ಲ, ನನ್ನ ಕಣ್ಣು ಮನರಂಜನೆಯಾಗಿದೆ.

ಎರಡುಜಡೆ · ಎಂಟನೇ ದಿನ

ನನ್ನ ಅಕ್ಕನಿಗೆ ನಾಲ್ಕು ತಿಂಗಳಲ್ಲಿ ಎರಡನೇ ಸಲ ಬಂದಿದೆ, ಅದೇ ಕಣ್ಣು. ಬಿಪಿ ಸರಿ ಇದೆ. ರಕ್ತ ಪರೀಕ್ಷೆ ಮಾಡಿಸಲೇಬೇಕಾ?

ಲೆನ್ಸ್‌ಪೆಟ್ಟಿಗೆ · ಎಂಟನೇ ದಿನ

ಇದಕ್ಕೆ ನಮ್ಮ ವಿಭಾಗದಲ್ಲೇ ಎರಡು ಅಭಿಪ್ರಾಯ. ಒಬ್ಬ ಡಾಕ್ಟರ್ ಎರಡನೇ ಸಲಕ್ಕೇ ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಬರೆಯುತ್ತಾರೆ. ಇನ್ನೊಬ್ಬರು ಒಸಡಲ್ಲಿ ರಕ್ತ, ಸುಲಭವಾಗಿ ನೀಲಿಗಟ್ಟುವುದು, ಮುಟ್ಟಿನಲ್ಲಿ ಅತಿಯಾದ ಸ್ರಾವ ಇವೇನೂ ಇಲ್ಲದಿದ್ದರೆ ಕಾಯುತ್ತಾರೆ. ನಾನಾದರೆ ಮೊದಲು ಕಣ್ಣನ್ನೇ ದೊಡ್ಡದು ಮಾಡಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿಸುತ್ತಿದ್ದೆ. ಅದೇ ಜಾಗದಲ್ಲಿ ಮತ್ತೆ ಬಂದರೆ ಅಲ್ಲೊಂದು ದುರ್ಬಲ ನಾಳವೋ, ವಯಸ್ಸಿಗೆ ಸಡಿಲವಾದ ಪೊರೆಯ ಮಡಿಕೆಯೋ, ಅಪರೂಪಕ್ಕೆ ಗಡ್ಡೆಯೋ ಇರಬಹುದು. ಅಕ್ಕ ಕಣ್ಣು ಉಜ್ಜುತ್ತಾರಾ, ಅಲರ್ಜಿ ಇದೆಯಾ, ಕೇಳಿ ನೋಡಿ.

ಎರಡುಜಡೆ · ಎಂಟನೇ ದಿನ

ಕೇಳಿದೆ. ಉಜ್ಜಲ್ಲ ಅಂದಳು, ಹಾಗೆ ಹೇಳುತ್ತಲೇ ಉಜ್ಜಿಕೊಂಡಳು.

ಹಸಿರುಚುಕ್ಕಿ · ಹದಿನೇಳನೇ ದಿನ

ಪೂರ್ತಿ ಬಿಳಿ. ಕೆಳರೆಪ್ಪೆ ಎಳೆದು ನೋಡಿದರೆ ಮಾತ್ರ ಮಾಸಲು ಹಳದಿಯ ಒಂದು ಎಳೆ. ಬಿಪಿ ಪಟ್ಟಿ ತೋರಿಸಿದೆ, ಸರಾಸರಿ 134/86. ಗಡಿಯಲ್ಲಿದೆ, ಉಪ್ಪು ಕಡಿಮೆ ಮಾಡಿ ಮೂರು ತಿಂಗಳ ನಂತರ ಮತ್ತೆ ಬನ್ನಿ ಅಂದರು.

ಬಿಸಿಲುಕೋಲು · ಹದಿನೇಳನೇ ದಿನ

ನಾನು ಹೇಳಲಿಲ್ಲವಾ, ಬಿಪಿ ಅಂತ!

ಗರಗಸದಣ್ಣ · ಹದಿನೇಳನೇ ದಿನ

ಕೆಮ್ಮು ಅಂತ ಒಪ್ಪಿಕೊಳ್ಳೋ ಮಾರಾಯ.